ಪರೀಕ್ಷಕರು ‘ಸುಳ್ಳು ಸಂಬಂಧ’ ಎಂದರೆ ಏನು ಮಾಡಬೇಕು?

ಅರ್ಥಶಾಸ್ತ್ರದ ಪಿಎಚ್‌.ಡಿ. ಥೀಸಿಸ್‌ಗಳ ತಿದ್ದುಪಡಿ ಉತ್ತರಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಹೆಚ್ಚಿನವರು ಪರೀಕ್ಷಕರ ಪ್ರತಿ ಮಾತಿನ ಎದುರಿಗೂ ‘ತಿದ್ದಲಾಗಿದೆ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಎಲ್ಲಿ, ಏನು ತಿದ್ದಿದಿರಿ ಅಂತ ವೈವಾದಲ್ಲಿ ಕೇಳಿದರೆ ಪುಟ ತಿರುವುತ್ತಾ ಕೂರುತ್ತಾರೆ.

ಮೊದಲ ಹೆಜ್ಜೆ ಸುಲಭ. ಮೂರು ಕಾಲಂನ ಟೇಬಲ್ ಮಾಡಿ: ಪರೀಕ್ಷಕರ ಮಾತು, ನಿಮ್ಮ ಉತ್ತರ, ಹೊಸ ಪುಟ ಸಂಖ್ಯೆ. ಅವರ ಮಾತನ್ನು ಅಕ್ಷರ ಬಿಡದೆ ಹಾಕಿ, ಮೆದು ಮಾಡಬೇಡಿ. ಕಾಗುಣಿತ, ಟೇಬಲ್ ಶೀರ್ಷಿಕೆಯಂಥವನ್ನು ಒಂದು ಸಂಜೆಯಲ್ಲಿ ಮುಗಿಸಿ.

ಕಷ್ಟ ಇರುವುದು ಎಕನಾಮೆಟ್ರಿಕ್ಸ್ ಅಧ್ಯಾಯದಲ್ಲಿ. ನನ್ನ ಬಳಿ ಬಂದಿದ್ದ ಒಬ್ಬಳು ವಿದ್ಯಾರ್ಥಿನಿಯದನ್ನೇ ನೋಡೋಣ. 1990-91ರಿಂದ 2021-22ರವರೆಗೆ, ಅಂದರೆ 32 ವರ್ಷಗಳ ಕೃಷಿ ಸಾಲ ಮತ್ತು ಕೃಷಿ ಉತ್ಪನ್ನದ ಅಂಕಿಗಳು. ಎರಡೂ ಸ್ಥಿರ ಬೆಲೆಯಲ್ಲಿ, ಎರಡಕ್ಕೂ ಲಾಗ್. ರಿಗ್ರೆಷನ್ ಮಾಡಿದರೆ ಗುಣಾಂಕ 0.62, ಆರ್-ಸ್ಕ್ವೇರ್ 0.97. ಅವಳಿಗೆ ಖುಷಿಯೋ ಖುಷಿ. ಪರೀಕ್ಷಕರು ಒಂದೇ ಸಾಲು ಬರೆದಿದ್ದರು: ‘ಡರ್ಬಿನ್-ವಾಟ್ಸನ್ 0.41 ಇದೆ, ಇದು ಸುಳ್ಳು ಸಂಬಂಧ ಇರಬಹುದು.’ ಈ ಅಂಕಿ 2ರ ಹತ್ತಿರ ಇದ್ದರೆ ಒಂದು ವರ್ಷದ ತಪ್ಪು ಮುಂದಿನ ವರ್ಷಕ್ಕೆ ಅಂಟಿಕೊಂಡಿಲ್ಲ ಎಂದರ್ಥ; ಸೊನ್ನೆಯತ್ತ ಇಳಿದಷ್ಟೂ ಅಂಟು ಜಾಸ್ತಿ.

ಅವರ ಅನುಮಾನ ಸರಿಯೇ. ಎರಡು ಸಂಖ್ಯೆಗಳು ಬೇರೆಬೇರೆ ಕಾರಣಕ್ಕೆ ವರ್ಷವರ್ಷ ಏರುತ್ತಾ ಹೋದರೂ ರಿಗ್ರೆಷನ್‌ಗೆ ಅವು ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಗ್ರೇಂಜರ್ ಮತ್ತು ನ್ಯೂಬೋಲ್ಡ್ 1974ರಲ್ಲೇ ಇದನ್ನು ತೋರಿಸಿ, ಆರ್-ಸ್ಕ್ವೇರ್ ಡರ್ಬಿನ್-ವಾಟ್ಸನ್‌ಗಿಂತ ದೊಡ್ಡದಿದ್ದರೆ ಎಚ್ಚರವಿರಲಿ ಎಂದಿದ್ದರು. ಇಲ್ಲಿ ದುಪ್ಪಟ್ಟಿಗಿಂತ ಜಾಸ್ತಿ ಇದೆ. ಇಂಥ ಹೊತ್ತಿನಲ್ಲಿ ಕೆಲವರು ಆ ಅಂಟನ್ನು ಲೆಕ್ಕದಲ್ಲಿ ತೆಗೆಯುವ ಕೋಕ್ರನ್-ಆರ್ಕಟ್ ಗುಂಡಿ ಒತ್ತಿ, ಡರ್ಬಿನ್-ವಾಟ್ಸನ್ 2ರ ಹತ್ತಿರ ಬಂತು, ಸಮಸ್ಯೆ ಮುಗೀತು ಅನ್ನುತ್ತಾರೆ. ಅದು ಜ್ವರ ಬಿಡಲಿ ಅಂತ ಥರ್ಮಾಮೀಟರನ್ನು ತಣ್ಣೀರಿಗೆ ಅದ್ದಿದ ಹಾಗೆ.

ಈಗ ಯೂನಿಟ್ ರೂಟ್ ಪರೀಕ್ಷೆ, ಅಂದರೆ ಸರಣಿ ತನ್ನ ದಾರಿಗೆ ಮರಳದೆ ಅಲೆಯುತ್ತಲೇ ಹೋಗುತ್ತದೆಯೇ ಎಂದು ನೋಡುವುದು. ಅವಳ ಎರಡೂ ಸರಣಿಗಳಲ್ಲಿ ಯೂನಿಟ್ ರೂಟ್ ಇತ್ತು. ಒಂದು ಸಲ ವ್ಯತ್ಯಾಸ ತೆಗೆದರೆ ಹೋಗುತ್ತಿತ್ತು. ಹಾಗಾದರೆ ಮುಂದಿನ ಪ್ರಶ್ನೆ: ಇವೆರಡೂ ದೀರ್ಘಾವಧಿಯಲ್ಲಿ ನಿಜವಾಗಿ ಜೊತೆಯಲ್ಲಿ ನಡೆಯುತ್ತಿವೆಯೇ? ಅಂದರೆ ಕೋಇಂಟಿಗ್ರೇಶನ್ ಇದೆಯೇ? ಇದ್ದರೆ ರಿಗ್ರೆಷನ್ನಿನ ಉಳಿಕೆ, ಅಂದರೆ ರೆಸಿಡ್ಯುಯಲ್, ಸ್ಥಿರವಾಗಿರಬೇಕು.

ಎಲ್ಲರೂ ಎಡವುವುದು ಇಲ್ಲೇ. ಸ್ಟೇಟಾದಲ್ಲಿ ಅವಳು ಹೀಗೆ ಮಾಡಿದ್ದಳು; lny ಅಂದರೆ ಉತ್ಪನ್ನದ ಲಾಗ್, lnx ಅಂದರೆ ಸಾಲದ ಲಾಗ್:

```
regress lny lnx
predict e, residuals
dfuller e, lags(1)
```

ಬಂದ ಸಂಖ್ಯೆ -3.10. ಪರದೆಯ ಮೇಲಿದ್ದ ಶೇ 5ರ ಗಡಿ ಸುಮಾರು -2.98. ದಾಟಿತು, ಕೋಇಂಟಿಗ್ರೇಶನ್ ಇದೆ ಎಂದು ಬರೆದೇಬಿಟ್ಟಳು. ಆದರೆ ಆ ಗಡಿ ಮಾಮೂಲಿ ಸರಣಿಗೆ ಹಾಕಿದ್ದು. ನಮ್ಮ ಉಳಿಕೆ ಮಾಮೂಲಿಯಲ್ಲ. ಉಳಿಕೆ ಆದಷ್ಟೂ ಚಿಕ್ಕದಾಗಲಿ ಎಂದೇ ರಿಗ್ರೆಷನ್ ಆ ಗೆರೆಯನ್ನು ಆರಿಸಿದೆ. ಹಾಗಾಗಿ ಅದು ಇರುವುದಕ್ಕಿಂತ ಜಾಸ್ತಿ ಸ್ಥಿರವಾಗಿ ಕಾಣುತ್ತದೆ. ಅದಕ್ಕೆ ಬಿಗಿಯಾದ ಬೇರೆ ಗಡಿ ಬೇಕು. ಮ್ಯಾಕಿನನ್ ಪಟ್ಟಿಯ ಪ್ರಕಾರ ಎರಡು ಚರಗಳು, 32 ವರ್ಷಗಳಿಗೆ ಅದು ಸುಮಾರು -3.53. ಈಗ -3.10 ದಾಟುವುದಿಲ್ಲ.

ಸರಿಯಾದ ಗಡಿಯನ್ನು ತಾನೇ ಕೊಡುವ ಕಮಾಂಡ್ ಇದೆ:

```
ssc install egranger
egranger lny lnx, lags(1)
```

ಹಾಗಂತ ‘ಸಂಬಂಧವೇ ಇಲ್ಲ’ ಎಂದು ಬರೆಯಬೇಡಿ. 32 ವರ್ಷ ಅಂದರೆ ಕಡಿಮೆ ಡೇಟಾ, ಇದ್ದ ಸಂಬಂಧವೂ ಈ ಪರೀಕ್ಷೆಯ ಕಣ್ಣಿಗೆ ಬೀಳದೆ ಇರಬಹುದು. ‘ಪುರಾವೆ ಸಿಗಲಿಲ್ಲ’ ಎಂದಷ್ಟೇ ಬರೆಯಿರಿ. ಫಲಿತಾಂಶ ಹಿಡಿಸಲಿಲ್ಲ ಅಂತ ಲ್ಯಾಗ್ ಬದಲಿಸಿ ಬದಲಿಸಿ ನೋಡುವುದೂ ಬೇಡ. ಲ್ಯಾಗ್ ಎಷ್ಟು, ಯಾಕೆ ಎಂದು ಮೊದಲೇ ಬರೆದಿಡಿ. ದುಡ್ಡು ಕೊಟ್ಟು ‘ಡೇಟಾ ಅನಾಲಿಸಿಸ್’ ಮಾಡಿಸಿಕೊಂಡವರಿಗಂತೂ ಲ್ಯಾಗ್ ಎಷ್ಟಿತ್ತು ಎಂಬುದೇ ಗೊತ್ತಿರುವುದಿಲ್ಲ; ಕೈಯಲ್ಲಿರುವುದು ಬರೀ ಸ್ಕ್ರೀನ್‌ಶಾಟ್.

ಉಳಿದ ದಾರಿ, ಬೆಳವಣಿಗೆ ದರಗಳ ಮೇಲೆ ರಿಗ್ರೆಷನ್. ಅವಳ 0.62 ಇಳಿದು 0.11 ಆಯಿತು. ಸ್ಟ್ಯಾಂಡರ್ಡ್ ಎರರ್ 0.09, ಅಂದರೆ ಸೊನ್ನೆಯಿಂದ ಬೇರೆ ಎಂದು ಹೇಳಲಾಗದು. ಅಳು ಬರುವ ಹಾಗಿದ್ದಳು. ಆದರೆ ಉತ್ತರ ಬರೆಯುವುದು ಸುಲಭವಾಯಿತು:

‘ಪರೀಕ್ಷಕರ ಅನುಮಾನ ಸರಿ. ಎರಡೂ ಸರಣಿಗಳಲ್ಲಿ ಯೂನಿಟ್ ರೂಟ್ ಇದೆ; ಕೋಇಂಟಿಗ್ರೇಶನ್‌ಗೆ ಪುರಾವೆ ಸಿಗಲಿಲ್ಲ (-3.10, ಗಡಿ -3.53). ಹಳೆಯ ರಿಗ್ರೆಷನ್ ಕೈಬಿಟ್ಟು ಬೆಳವಣಿಗೆ ದರಗಳ ರಿಗ್ರೆಷನ್ ಹಾಕಲಾಗಿದೆ. ಗುಣಾಂಕ 0.11, ಮಹತ್ವದ್ದಲ್ಲ. ನೀತಿ ಸಲಹೆಯನ್ನು ಅದಕ್ಕೆ ತಕ್ಕಂತೆ ಬದಲಿಸಲಾಗಿದೆ.’

ಧನ್ಯವಾದ, ಅಮೂಲ್ಯ ಸಲಹೆ ಎಂದೆಲ್ಲ ಪ್ರತಿ ಉತ್ತರದಲ್ಲೂ ಹಾಕಬೇಡಿ. ಮೊದಲ ಪುಟದಲ್ಲಿ ಒಮ್ಮೆ ಸಾಕು.

ಕೊನೆಯದಾಗಿ, ಹಳೆಯ ಸಂಖ್ಯೆ ಥೀಸಿಸ್‌ನಲ್ಲಿ ಎಲ್ಲೆಲ್ಲಿ ಅಡಗಿದೆ ಎಂದು ಹುಡುಕಿ. ಅವಳ 0.62 ಆರು ಕಡೆ ಸಿಕ್ಕಿತು. ಏಳನೆಯದು ಕನ್ನಡ ಸಾರಾಂಶದಲ್ಲಿತ್ತು. ಅಲ್ಲಿ ೦.೬೨ ಎಂದು ಕನ್ನಡ ಅಂಕಿಯಲ್ಲಿ ಟೈಪ್ ಆಗಿದ್ದರಿಂದ ಕಂಪ್ಯೂಟರ್ ಹುಡುಕಾಟಕ್ಕೆ ಸಿಕ್ಕಿರಲೇ ಇಲ್ಲ.