ಮಾರ್ಜಿನ್ ಕಾಲ್ ಬಂದ ದಿನ ನಾನು ಮಾರಿದ ಲೆಕ್ಕ

ಬ್ರೋಕರ್ ಕೊಡುವ ಸಾಲದಲ್ಲಿ ಷೇರು ಕೊಳ್ಳುವ ಮೊದಲು, ಯಾವ ದರಕ್ಕೆ ಇಳಿದರೆ ಮಾರ್ಜಿನ್ ಕಾಲ್, ಅಂದರೆ ಗಡುವಿನೊಳಗೆ ಹಣ ಕಟ್ಟಿ ಇಲ್ಲವೇ ಷೇರು ಮಾರಿ ಕೊರತೆ ತುಂಬಿಸಿ ಎಂಬ ಬ್ರೋಕರ್ ಕರೆ, ಬರುತ್ತದೆ ಎಂದು ಬರೆದಿಟ್ಟುಕೊಳ್ಳುವುದು ನನ್ನ ರೂಢಿ. ಆ ಸಲ ನನ್ನ ಹಣ 1 ಲಕ್ಷ, ಸಾಲ 1 ಲಕ್ಷ. 100ರ ದರದಲ್ಲಿ 2,000 ಷೇರು ಕೊಂಡಿದ್ದೆ. ಷೇರುಗಳ ಒಟ್ಟು ಬೆಲೆಯಿಂದ ಸಾಲ ಕಳೆದರೆ ಉಳಿಯುವುದು ನನ್ನ ಪಾಲು. ಅದು ಒಟ್ಟು ಬೆಲೆಯ ಶೇ 30ಕ್ಕಿಂತ ಕೆಳಗೆ ಹೋಗಬಾರದು ಎಂಬುದು ಬ್ರೋಕರ್ ಷರತ್ತು, ಅಂದರೆ ಸಾಲ ಶೇ 70 ದಾಟಬಾರದು. ಸಾಲವನ್ನು 2,000ದಿಂದ ಭಾಗಿಸಿ, ಬಂದದ್ದನ್ನು ಮತ್ತೆ 0.70ರಿಂದ ಭಾಗಿಸಿದರೆ 71.43. ಅಲ್ಲಿಯವರೆಗೆ ಚಿಂತೆಯಿಲ್ಲ ಅಂತ ಲೆಕ್ಕ.

ದರ 78ಕ್ಕೆ ಬಂದಾಗಲೇ ಕಾಲ್ ಬಂತು. ಮಾರುಕಟ್ಟೆ ಹೊಯ್ದಾಡುತ್ತಿದ್ದುದರಿಂದ ಬ್ರೋಕರ್ ಶೇ 30 ಇದ್ದದ್ದನ್ನು ಶೇ 40 ಮಾಡಿದ್ದರು. ಒಪ್ಪಂದದಲ್ಲಿ ಆ ಹಕ್ಕು ಅವರಿಗಿರುತ್ತದೆ. ಸಾಮಾನ್ಯವಾಗಿ ಇಳಿಯುವ ಮಾರುಕಟ್ಟೆಯಲ್ಲೇ ಅದನ್ನು ಬಳಸುತ್ತಾರೆ. ಆಗ ಷೇರುಗಳ ಬೆಲೆ 1,56,000, ನನ್ನ ಪಾಲು 56,000. ಬೇಕಿದ್ದದ್ದು 62,400. ಕೊರತೆ 6,400.

ನಗದು ಕಟ್ಟಿದ್ದರೆ 6,400ಕ್ಕೇ ಮುಗಿಯುತ್ತಿತ್ತು. ಷೇರು ಮಾರಿ ತುಂಬಿಸಲು ಅಷ್ಟು ಸಾಲದು. ಮಾರಿದ ಹಣ ಸಾಲಕ್ಕೆ ಹೋದಾಗ ನನ್ನ ಪಾಲೇನೂ ಹೆಚ್ಚುವುದಿಲ್ಲ, ಒಟ್ಟು ಬೆಲೆ ಕುಗ್ಗಿ ಶೇಕಡಾವಾರು ಮಾತ್ರ ಮೇಲೇರುತ್ತದೆ. ಹಾಗಾಗಿ ಕೊರತೆಯನ್ನು 0.40ರಿಂದ ಭಾಗಿಸಬೇಕು: 16,000. ಅಂದರೆ 206 ಷೇರು.

ಹಲವರು ಇಲ್ಲಿಗೇ ನಿಲ್ಲಿಸುತ್ತಾರೆ. ಅಷ್ಟೇ ಮಾರಿದರೆ ಮುಂದಿನ ಕಾಲ್ ಯಾವ ದರಕ್ಕೆ ಎಂದು ನೋಡಿದೆ: 77.97. ಮೂರು ಪೈಸೆ ಇಳಿದರೆ ಮತ್ತೆ ಕಾಲ್! ಇದು ನನಗೆ ಒಪ್ಪಿಗೆಯಾಗಲಿಲ್ಲ. ಬೇರೆ ಹಣ ಕೈಲಿತ್ತು, ಆದರೆ ಬೀಳುತ್ತಿರುವ ಷೇರಿಗೆ ಅದನ್ನು ಸುರಿಯುವ ಮನಸ್ಸಿರಲಿಲ್ಲ. 600 ಷೇರು ಮಾರಿ 46,800 ಸಾಲ ತೀರಿಸಿದೆ. ಆ 600 ಷೇರುಗಳ ಮೇಲೆ 13,200 ನಷ್ಟ ಖಾಯಂ ಆಯಿತು. ಉಳಿದದ್ದು 1,400 ಷೇರು, 53,200 ಸಾಲ; ಶೇ 40ರ ಷರತ್ತಿನಲ್ಲೂ ಮುಂದಿನ ಕಾಲ್ 63.33ಕ್ಕೆ ಹೋಯಿತು. ಬಡ್ಡಿ, ಕಮಿಷನ್ ಇಲ್ಲಿ ಬಿಟ್ಟಿದ್ದೇನೆ. ಬಡ್ಡಿ ಸೇರಿದಂತೆಲ್ಲ ಈ ದರ ಸ್ವಲ್ಪ ಸ್ವಲ್ಪವೇ ಮೇಲೆ ಬರುತ್ತದೆ.

ಷೇರು 66ರವರೆಗೂ ಬಿತ್ತು. ಅಲ್ಲೂ ನನ್ನ ಪಾಲು ಶೇ 42ರಷ್ಟಿತ್ತು, ಫೋನ್ ಬರಲಿಲ್ಲ. ಕನಿಷ್ಠವನ್ನಷ್ಟೇ ತುಂಬಿಸಿದವರ ಮುಂದಿನ ಕಾಲ್‌ಗಳು ಒಂದೇ ದರದ ಸುತ್ತ ಗುಂಪಾಗಿರುತ್ತವೆ. ಗಡುವು ಮೀರಿದಾಗ ಬ್ರೋಕರ್ ಅವರ ಷೇರುಗಳನ್ನು ಸಿಕ್ಕ ದರಕ್ಕೆ ಮಾರುತ್ತಾರೆ, ಆ ಮಾರಾಟವೇ ದರವನ್ನು ಇನ್ನೊಂದು ಗುಂಪಿನ ಗಡಿಗೆ ಇಳಿಸುತ್ತದೆ. ಯಾವ ಷೇರು ಮಾರಬೇಕೆಂದು ಬ್ರೋಕರ್ ನಮ್ಮನ್ನು ಕೇಳಬೇಕೆಂದಿಲ್ಲ. ಬೇಗ ಬಿಕರಿಯಾಗುವುದು ಮೊದಲು ಹೋಗುತ್ತದೆ, ಹೆಚ್ಚಿನ ಸಲ ಅದೇ ಖಾತೆಯಲ್ಲಿರುವ ಒಳ್ಳೆಯ ಷೇರು. ರಾತ್ರಿ ಬೆಳಗಾಗುವುದರಲ್ಲಿ ದರ ಸಾಲದ ಮಟ್ಟಕ್ಕಿಂತ ಕೆಳಗೆ ತೆರೆದರಂತೂ ಎಲ್ಲ ಮಾರಿದ ಮೇಲೂ ಬಾಕಿ ಉಳಿಯುತ್ತದೆ, ಅದನ್ನು ಕೈಯಿಂದ ಕಟ್ಟಬೇಕು.