ಯಂತ್ರ ಕೊಳ್ಳುವ ಮೊದಲು ಕಳೆದ ಆರು ವಾರ

ಸಣ್ಣ ಊರೊಂದರಲ್ಲಿ ಮುದ್ರಣದ ಅಂಗಡಿ ತೆರೆಯಲು ಹೊರಟಾಗ ನನ್ನಲ್ಲಿದ್ದದ್ದು ಒಂದೇ ವಾದ: ಊರಿನಲ್ಲಿರುವುದು ಮೂರೇ ಅಂಗಡಿ, ನಾಲ್ಕನೆಯದಕ್ಕೆ ಜಾಗವಿದೆ. ಸಾಲಕ್ಕಾಗಿ ಯೋಜನಾ ವರದಿ ಬರೆಯಲು ಕುಳಿತಾಗ ‘ಪೈಪೋಟಿ’ ಎಂಬ ತಲೆಬರಹದ ಕೆಳಗೆ ಎರಡು ಸಾಲಿಗಿಂತ ಹೆಚ್ಚು ಬರೆಯಲಾಗಲಿಲ್ಲ. ಹಣ ಹಾಕಲು ಹೊರಟಿರುವ ದಂಧೆಯ ಬಗ್ಗೆ ನನಗೆ ಇಷ್ಟೇ ಗೊತ್ತಿದೆಯೇ ಎಂದು ಭಯವಾಯಿತು. ವರದಿಯನ್ನು ಬದಿಗಿಟ್ಟು ಆರು ವಾರ ವಿಚಾರಿಸುತ್ತ, ಲೆಕ್ಕ ಹಾಕುತ್ತ ಕಳೆದೆ.

ದಾರಿ ತೋರಿಸಿದ್ದು ಹಾರ್ವರ್ಡ್‌ನ ಪ್ರಾಧ್ಯಾಪಕ ಮೈಕೆಲ್ ಪೋರ್ಟರ್ 1979ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ವಿವರಿಸಿದ ಐದು ಒತ್ತಡಗಳ ವಿಚಾರ. ಒಂದು ಉದ್ಯಮದಲ್ಲಿ ಹುಟ್ಟುವ ಲಾಭ ಕೊನೆಗೆ ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದೇ ಅದರ ಮೂಲ ಪ್ರಶ್ನೆ. ನಾನು ಮುಖ್ಯವಾಗಿ ಮೂರನ್ನು ಹಿಡಿದುಕೊಂಡೆ: ಇರುವವರ ನಡುವಿನ ಪೈಪೋಟಿ, ಪೂರೈಕೆದಾರರ ಬಲ, ಹೊಸಬರಿಗೆ ಇರುವ ಅಡ್ಡಿ.

ಆದರೆ ಅದಕ್ಕೂ ಮೊದಲು ನಾನು ಇಳಿಯುತ್ತಿರುವುದು ಯಾವ ಉದ್ಯಮಕ್ಕೆ ಎಂಬುದೇ ಇತ್ಯರ್ಥವಾಗಬೇಕಿತ್ತು. ‘ಮುದ್ರಣ’ ಎಂದರೆ ತೀರಾ ದೊಡ್ಡ ಮಾತು. ಶಾಲೆ, ಚಿಕಿತ್ಸಾಲಯ, ಸಹಕಾರ ಸಂಘ, ಅಂಗಡಿ ಹೀಗೆ 23 ಕಡೆ ಹೋಗಿ ಒಂದೇ ಪ್ರಶ್ನೆ ಕೇಳಿದೆ: ನೀವು ಕೊನೆಯ ಮೂರು ಸಲ ಏನನ್ನು, ಎಲ್ಲಿ ಮುದ್ರಿಸಿದಿರಿ, ಅಲ್ಲಿಗೇ ಏಕೆ ಹೋದಿರಿ? ‘ಹೊಸ ಅಂಗಡಿ ತೆರೆದರೆ ಬರುತ್ತೀರಾ’ ಎಂದು ಮಾತ್ರ ಕೇಳಲಿಲ್ಲ. ಅದಕ್ಕೆ ಎಲ್ಲರೂ ಸೌಜನ್ಯದಿಂದ ಹೌದು ಎನ್ನುತ್ತಾರೆ. ಆದ ಕೆಲಸದ ಬಗ್ಗೆ ಕೇಳಿದರೆ ಕಪಾಟಿನಿಂದ ರಸೀದಿಯನ್ನೇ ತೆಗೆದು ತೋರಿಸುತ್ತಾರೆ.

ಉತ್ತರಗಳನ್ನು ಜೋಡಿಸಿದಾಗ ಊರಿನ ಒಂದು ಮಾರುಕಟ್ಟೆ ಮೂರಾಗಿ ಒಡೆಯಿತು. ಸಾವಿರಾರು ಪ್ರತಿಗಳ ಕೆಲಸ ಬಸ್ಸು ಹತ್ತಿ ದೊಡ್ಡ ನಗರಕ್ಕೆ ಹೋಗುತ್ತಿತ್ತು. ಅಲ್ಲಿ ನನ್ನ ಎದುರಾಳಿಗಳು ಊರಿನ ಮೂವರಲ್ಲ, ನಗರದ ಆಫ್‌ಸೆಟ್ ಮುದ್ರಣಾಲಯಗಳು. ಇವತ್ತೇ ಬೇಕಾದ ಬಣ್ಣದ ಪುಟಗಳು ಊರಿನಲ್ಲೇ ಆಗುತ್ತಿದ್ದವು. ಮೂರನೆಯದು ಕ್ರಮಸಂಖ್ಯೆ ಹಾಕಿ, ಹೊಲಿದು, ರಟ್ಟು ಕಟ್ಟುವ ಬಿಲ್ ಪುಸ್ತಕ, ದಾಖಲೆ ಪುಸ್ತಕಗಳ ಕೆಲಸ. ಅದನ್ನು ಊರಿನವರು ಮನಸ್ಸಿಲ್ಲದೆ ಒಪ್ಪಿಕೊಂಡು ತಡಮಾಡಿ ಕೊಡುತ್ತಿದ್ದರು.

ಪೈಪೋಟಿಯನ್ನು ಅಳೆಯಲು ಒಂದು ಕೆಲಸವನ್ನು ಮೂರೂ ಅಂಗಡಿಗಳಲ್ಲಿ ವಿಚಾರಿಸಿದೆ. ಬಣ್ಣದ ಪುಟಗಳ ದರ ಮೂರೂ ಕಡೆ ಹತ್ತಿರ ಹತ್ತಿರವಿತ್ತು. ಪಕ್ಕದವರ ದರ ಹೇಳಿದ ಕೂಡಲೇ ಮೂವರೂ ಇನ್ನಷ್ಟು ಇಳಿಸಿದರು. ಮೂರೇ ಅಂಗಡಿಗಳಿದ್ದರೂ ಇಷ್ಟು ಬೇಗ ಇಳಿಯಲು ಕಾರಣವೇನೆಂದು ತಿಳಿಯಲು ಒಂದು ಪುಟದ ಲೆಕ್ಕವನ್ನು ಬಿಡಿಸಬೇಕಾಯಿತು.

ಪುಟವೊಂದರ ಸಾಮಾನ್ಯ ಮಾರಾಟ ದರವನ್ನು 10 ಪಾಲು ಎಂದುಕೊಂಡೆ. ಅದರಲ್ಲಿ ಕಾಗದಕ್ಕೆ 2 ಪಾಲು, ಟೋನರ್ ಮತ್ತು ಯಂತ್ರದ ನಿರ್ವಹಣೆಗೆ 3 ಪಾಲು. ಬಾಡಿಗೆ, ಸಂಬಳ, ಸಾಲದ ಕಂತು ಇವು ಯಂತ್ರ ಓಡಿದರೂ ನಿಂತರೂ ತಪ್ಪುವುದಿಲ್ಲ. ಯಂತ್ರ ಪೂರ್ತಿ ಓಡಿದರೆ ಆ ಸ್ಥಿರ ವೆಚ್ಚ ಪುಟಕ್ಕೆ 4 ಪಾಲು ಬೀಳುತ್ತದೆ; ಒಟ್ಟು 9, ಲಾಭ 1. ಯಂತ್ರ ಅರ್ಧ ಮಾತ್ರ ಓಡಿದರೆ ಅದೇ ವೆಚ್ಚ ಪುಟಕ್ಕೆ 8 ಪಾಲಾಗುತ್ತದೆ. ಒಟ್ಟು 13, ಅಂದರೆ ಪುಟಕ್ಕೆ 3 ಪಾಲು ನಷ್ಟ. ಆದರೂ ಗಿರಾಕಿ ಎದುರಿಗೆ ನಿಂತು 6 ಪಾಲಿಗೆ ಕೇಳಿದರೆ ಮಾಲೀಕ ಒಪ್ಪುತ್ತಾನೆ, ಒಪ್ಪುವುದು ಸರಿಯೂ ಹೌದು. ಆ ಪುಟಕ್ಕಾಗಿ ಅವನ ಕೈಯಿಂದ ಹೊಸದಾಗಿ ಹೋಗುವುದು 5 ಪಾಲು ಮಾತ್ರ. ಉಳಿದ 1 ಪಾಲು ಕಂತಿಗಾದರೂ ಆಯಿತು. ಮೂವರೂ ಹೀಗೆಯೇ ಯೋಚಿಸಿದಾಗ ದರ 5 ಮತ್ತು 6ರ ನಡುವೆ ಬಂದು ನಿಲ್ಲುತ್ತದೆ.

ಆದ್ದರಿಂದ ಎಷ್ಟು ಅಂಗಡಿಗಳಿವೆ ಎಂದು ಎಣಿಸುವುದನ್ನು ಬಿಟ್ಟು ಎಷ್ಟು ಯಂತ್ರಗಳು ಸುಮ್ಮನೆ ನಿಂತಿವೆ ಎಂದು ನೋಡತೊಡಗಿದೆ. ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ಹೋದಾಗಲೆಲ್ಲ ಮೂರರಲ್ಲಿ ಎರಡು ಯಂತ್ರಗಳು ನಿಂತೇ ಇದ್ದವು. ಒಬ್ಬ ಮಾಲೀಕರ ಅಂಗಡಿ ಅವರ ಸ್ವಂತ ಕಟ್ಟಡದಲ್ಲಿತ್ತು. ಬಾಡಿಗೆಯ ಹೊರೆಯಿಲ್ಲದ ಅವರು ದರ ಇಳಿಸಿಕೊಂಡು ಎಲ್ಲರಿಗಿಂತ ಹೆಚ್ಚು ಕಾಲ ತಾಳಬಲ್ಲವರು. ನಷ್ಟವಾದರೂ ಮೂವರೂ ಅಂಗಡಿ ಮುಚ್ಚುವಂತಿರಲಿಲ್ಲ, ಏಕೆಂದರೆ ಹಳೆಯ ಮುದ್ರಣ ಯಂತ್ರಕ್ಕೆ ಸಿಗುವ ಬೆಲೆ ಉಳಿದ ಸಾಲಕ್ಕೂ ಸಾಲದು. ಹೊರಹೋಗಲು ಆಗದವರ ಜೊತೆಗಿನ ಪೈಪೋಟಿಯೇ ಕಠಿಣವಾದದ್ದು. ಬಿಲ್ ಪುಸ್ತಕದ ದರ ಕೇಳಿದಾಗ ಮಾತ್ರ ಯಾರೂ ಇಳಿಸಲಿಲ್ಲ. ‘ಬೇರೆ ಕಡೆ ಕಡಿಮೆಯಾದರೆ ಅಲ್ಲೇ ಮಾಡಿಸಿ’ ಎಂದರು. ಅದು ಕೈಕೆಲಸ, ಹೊತ್ತು ತಿನ್ನುವ ಕೆಲಸ; ಸುಮ್ಮನೆ ನಿಂತ ಯಂತ್ರಕ್ಕೆ ಅದರಿಂದ ಉಪಯೋಗವಿಲ್ಲ.

ಪೂರೈಕೆದಾರರ ವಿಷಯಕ್ಕೆ ಬಂದಾಗ ಬೇಕಾದ ಪ್ರತಿಯೊಂದು ವಸ್ತುವಿನ ಎದುರು ಒಂದೇ ಪ್ರಶ್ನೆ ಬರೆದೆ: ಇದನ್ನು ಕೊಡುವವರು ನಾಳೆ ದರವನ್ನು ಹತ್ತನೇ ಒಂದರಷ್ಟು ಏರಿಸಿದರೆ ನಾಡಿದ್ದು ನಾನೇನು ಮಾಡುತ್ತೇನೆ?

ಕಾಗದಕ್ಕೆ ಉತ್ತರ ಸುಲಭವಾಗಿ ಸಿಕ್ಕಿತು. ಅಳತೆ, ತೂಕ ಹೇಳಿದರೆ ಎಲ್ಲ ಸಗಟು ವ್ಯಾಪಾರಿಗಳ ಬಳಿಯೂ ಹೆಚ್ಚು ಕಡಿಮೆ ಅದೇ ಕಾಗದ; ಬೇರೆಯವರ ಬಳಿಗೆ ಹೋದರಾಯಿತು. ಆದರೆ ಒಂದು ಎಳೆ ಅಡಗಿತ್ತು. 30 ದಿನಗಳ ಉದ್ದರಿ ಕೊಡುತ್ತಿದ್ದವರು ಒಬ್ಬರೇ, ಉಳಿದವರದು ನಗದು. ಕೈಯಲ್ಲಿ ದುಡ್ಡಿಲ್ಲದ ದಿನ ನಾನು ಕಟ್ಟಿಬೀಳುವುದು ಕಾಗದಕ್ಕಲ್ಲ, ಆ ಉದ್ದರಿಗೆ. ಒಂದು ತಿಂಗಳ ಕಾಗದದ ಹಣವನ್ನು ಯೋಜನೆಯಲ್ಲಿ ಬೇರೆಯಾಗಿ ತೆಗೆದಿಟ್ಟೆ.

ಯಂತ್ರದ ಎದುರು ಬರೆಯಲು ಉತ್ತರವೇ ಸಿಗಲಿಲ್ಲ. ನಾನು ನೋಡಿದ್ದ ಬಣ್ಣದ ಯಂತ್ರಕ್ಕೆ ಟೋನರ್, ಬಿಡಿಭಾಗ, ದುರಸ್ತಿ ಎಲ್ಲವೂ ಒಬ್ಬನೇ ಮಾರಾಟಗಾರನಿಂದ, ಪುಟಕ್ಕೆ ಇಷ್ಟು ಎಂಬ ನಿರ್ವಹಣಾ ಒಪ್ಪಂದದ ಮೇಲೆ ಬರುತ್ತಿದ್ದವು. ಸಹಿ ಹಾಕುವ ತನಕ ಬಲ ನನ್ನದು, ಸಹಿ ಬಿದ್ದ ಮರುಕ್ಷಣ ಅವನದು. ಒಪ್ಪಂದದ ಕರಡನ್ನು ಮನೆಗೆ ತಂದು ಎರಡು ದಿನ ಕುಳಿತು ಓದಿದೆ. ಪುಟದ ಮೂಲೆಯಲ್ಲಿ ಸಣ್ಣ ಬಣ್ಣದ ಚಿಹ್ನೆಯಿದ್ದರೂ ಅದು ಬಣ್ಣದ ಪುಟವೆಂದೇ ಲೆಕ್ಕ. ದೊಡ್ಡ ಹಾಳೆಯೊಂದು ಎರಡು ಪುಟಗಳಿಗೆ ಸಮ. ವರ್ಷಕ್ಕೊಮ್ಮೆ ದರ ಏರಿಸುವ ಹಕ್ಕು ಮಾರಾಟಗಾರನಿಗೆ. ಎಲ್ಲಕ್ಕಿಂತ ಭಾರವಾದದ್ದು ಕನಿಷ್ಠ ಪುಟಗಳ ಷರತ್ತು: ಮುದ್ರಿಸಲಿ ಬಿಡಲಿ, ತಿಂಗಳಿಗೆ 8,000 ಪುಟಗಳ ಹಣ ಕಟ್ಟಬೇಕು. ವಿಚಾರಿಸಿದ ಗಿರಾಕಿಗಳ ಲೆಕ್ಕದಿಂದ ನಾನು ನಿರೀಕ್ಷಿಸಬಹುದಾಗಿದ್ದದ್ದು 5,000 ಪುಟ. ಅಂದರೆ 3 ಪಾಲೆಂದು ಬರೆದುಕೊಂಡಿದ್ದ ನಿರ್ವಹಣೆ ವೆಚ್ಚ ನಿಜದಲ್ಲಿ 4.8 ಪಾಲು. ಕಾಗದ ಸೇರಿದರೆ 6.8. ಊರಿನ ಮಾರುಕಟ್ಟೆ ದರ 6ರ ಆಸುಪಾಸಿನಲ್ಲಿ ನಿಂತಿರುವಾಗ ಬಾಡಿಗೆ, ಕಂತುಗಳ ಮಾತು ಎತ್ತುವ ಮೊದಲೇ ನಾನು ನಷ್ಟದಲ್ಲಿರುತ್ತಿದ್ದೆ.

ಒಪ್ಪಂದ ಹೇಳದ ಸಂಗತಿಯನ್ನು ಅದೇ ಯಂತ್ರವಿಟ್ಟುಕೊಂಡಿದ್ದ ಬೇರೆ ಊರಿನ ಇಬ್ಬರು ಹೇಳಿದರು. ಕೆಟ್ಟಾಗ ತಂತ್ರಜ್ಞ ಬರುವುದು ಒಬ್ಬರಿಗೆ ಮರುದಿನ, ಇನ್ನೊಬ್ಬರಿಗೆ ನಾಲ್ಕನೆಯ ದಿನ. ಎರಡನೆಯವರ ಊರು ಮುಖ್ಯ ರಸ್ತೆಯಿಂದ ದೂರವಿತ್ತು, ನನ್ನದೂ ಹಾಗೆಯೇ. ಪೂರೈಕೆದಾರನಿಗೆ ನಾವು ಎಷ್ಟು ಸಣ್ಣವರು ಎಂಬುದು ದರದಲ್ಲಿ ಕಾಣುವುದಕ್ಕಿಂತ ಕಾಯಿಸುವುದರಲ್ಲಿ ಚೆನ್ನಾಗಿ ಕಾಣುತ್ತದೆ.

ಪ್ರವೇಶದ ಅಡ್ಡಿಗಳ ಬಗ್ಗೆ ನನ್ನ ಮೊದಲ ಟಿಪ್ಪಣಿ ಪೂರ್ತಿ ತಪ್ಪಾಗಿತ್ತು. ‘ಯಂತ್ರ ದುಬಾರಿ, ಆದ್ದರಿಂದ ಹೊಸಬರು ಬರುವುದು ಕಷ್ಟ’ ಎಂದು ಬರೆದಿದ್ದೆ. ಆದರೆ ನನಗೇ ಅದೇ ಮಾರಾಟಗಾರ ಸುಲಭ ಕಂತಿನಲ್ಲಿ ಯಂತ್ರ ಕೊಡಲು ಸಿದ್ಧನಿದ್ದ. ನನಗೆ ಕೊಡುವವನು ನನ್ನ ನಂತರ ಬರುವವನಿಗೂ ಕೊಡುತ್ತಾನೆ. ಅಲ್ಲಿಂದ ಮುಂದೆ ಪ್ರಶ್ನೆಯನ್ನು ಎರಡು ಮಾಡಿಕೊಂಡೆ: ನಾನು ಒಳಗೆ ಬರಲು ಏನು ಬೇಕು? ನಾನು ಬಂದ ಮೇಲೆ ಇನ್ನೊಬ್ಬ ಬರಲು ಎಷ್ಟು ದಿನ ಬೇಕು? ಬಣ್ಣದ ಪುಟಗಳಲ್ಲಿ ಎರಡನೆಯದಕ್ಕೆ ಉತ್ತರ ಒಂದು ತಿಂಗಳು.

ಹೊಲಿಗೆ ಮತ್ತು ರಟ್ಟಿನ ಕೆಲಸದಲ್ಲಿ ಉತ್ತರ ಬೇರೆಯಾಗಿತ್ತು. ಹಳೆಯ ಕತ್ತರಿಸುವ ಯಂತ್ರ, ಕ್ರಮಸಂಖ್ಯೆ ಹಾಕುವ ಯಂತ್ರ ಯಾರಿಗೂ ಕೈಗೆಟುಕುವಂಥವೇ. ಸಿಗದಿರುವುದು ಕೈ ಪಳಗಿದ ಕೆಲಸಗಾರರು. ಕ್ರಮಸಂಖ್ಯೆ ಒಂದು ತಪ್ಪಿದರೆ ಸಂಸ್ಥೆ ಇಡೀ ಕಂತೆಯನ್ನು ಹಿಂದಿರುಗಿಸುತ್ತದೆ. ಇನ್ನೊಂದು ಅಡ್ಡಿ ದುಡಿಯುವ ಬಂಡವಾಳದ್ದು. ಸಂಸ್ಥೆಗಳು ಹಣ ಕೊಡುವುದು 60ರಿಂದ 90 ದಿನಗಳ ನಂತರ. ಕಾಗದದವರಿಗೆ, ಕೆಲಸಗಾರರಿಗೆ ಅದಕ್ಕಿಂತ ಮೊದಲೇ ಕೊಡಬೇಕು. ಈ ಮೂರು ತಿಂಗಳು ತಡೆದುಕೊಳ್ಳುವ ಹಣಕ್ಕೆ ಯಾವ ಮಾರಾಟಗಾರನೂ ಕಂತಿನ ಸಾಲ ಕೊಡುವುದಿಲ್ಲ. ಯಂತ್ರಕ್ಕೆಂದು ಕೂಡಿಟ್ಟ ಹಣ ನನ್ನಲ್ಲಿತ್ತು. ಅದನ್ನು ಯಂತ್ರಕ್ಕೆ ಹಾಕದೆ ಈ ಮೂರು ತಿಂಗಳಿಗೆ ಹಾಕಿದರೆ ಈ ಅಡ್ಡಿ ನನ್ನ ಹಿಂದೆ ಉಳಿದು ನನ್ನನ್ನೇ ಕಾಯುತ್ತದೆ ಎಂದು ಹೊಳೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಯೋಜನೆಯ ರೂಪವೇ ಬದಲಾಯಿತು. ಬಣ್ಣದ ಯಂತ್ರ ಬಿಟ್ಟುಹೋಯಿತು; ಬಿಲ್ ಪುಸ್ತಕ, ದಾಖಲೆ ಪುಸ್ತಕ, ರಟ್ಟು ಕಟ್ಟುವ ಕೆಲಸ ಉಳಿದವು. ಮುಖಪುಟಕ್ಕೆ ಬೇಕಾದ ಬಣ್ಣದ ಪುಟಗಳನ್ನು ಎದುರಾಳಿಗಳಾಗಬೇಕಿದ್ದ ಆ ಮೂವರ ಬಳಿಯೇ 6 ಪಾಲಿನ ದರಕ್ಕೆ ಮಾಡಿಸುವುದೆಂದು ಬರೆದೆ. ಅವರ ನಿಂತ ಯಂತ್ರಗಳು ನನಗೆ ಪೈಪೋಟಿಯಾಗುವ ಬದಲು ಪೂರೈಕೆಯಾದವು; ಮೂವರಿರುವುದರಿಂದ ಯಾರೊಬ್ಬರೂ ನನ್ನನ್ನು ಕಟ್ಟಿಹಾಕುವಂತಿರಲಿಲ್ಲ. ಅಪಾಯವೂ ಇತ್ತು, ಅದನ್ನೂ ವರದಿಯಲ್ಲಿ ಬರೆದೆ: ನನ್ನ ಗಿರಾಕಿ ಯಾರೆಂದು ತಿಳಿದರೆ ಅವರೇ ನೇರವಾಗಿ ಹೋಗಿ ಕೇಳಬಹುದು. ಅದಕ್ಕಾಗಿ ಒಂದು ಗಿರಾಕಿಯ ಕೆಲಸವನ್ನು ಸದಾ ಒಬ್ಬರ ಬಳಿಗೇ ಕೊಡದೆ ಹಂಚಿದೆ, ಸಂಸ್ಥೆಯ ಹೆಸರನ್ನು ಆದಷ್ಟು ನನ್ನಲ್ಲೇ ಒಂದೇ ಬಣ್ಣದಲ್ಲಿ ಅಚ್ಚು ಹಾಕಿಕೊಂಡೆ.

ಐದು ಒತ್ತಡಗಳಲ್ಲಿ ಇನ್ನೊಂದಾದ ಬದಲಿಗಳ ಕಡೆ, ಅಂದರೆ ಗಿರಾಕಿ ಅದೇ ಕೆಲಸಕ್ಕೆ ಬಳಸಬಹುದಾದ ಬೇರೆ ದಾರಿಗಳ ಕಡೆ, ನಾನು ಸಾಕಷ್ಟು ನೋಡಿರಲಿಲ್ಲ. ಅಂಗಡಿ ತೆರೆದ ಎಂಟನೆಯ ತಿಂಗಳಲ್ಲಿ ಎರಡು ಶಾಲೆಗಳು ಹಾಜರಿ ಪುಸ್ತಕವನ್ನು ಬಿಟ್ಟು ಕಂಪ್ಯೂಟರಿಗೆ ಹೋದವು. ಆ ವರ್ಷದ ನನ್ನ ದಾಖಲೆ ಪುಸ್ತಕದ ಕೆಲಸ ಕಾಲು ಭಾಗ ಕಡಿಮೆಯಾಯಿತು. 23 ಜನರನ್ನು ಕೇಳುವಾಗ ‘ಈ ಪುಸ್ತಕದಲ್ಲಿ ಬರೆಯುವುದನ್ನು ಬೇರೆಲ್ಲಾದರೂ ಬರೆಯುತ್ತಿದ್ದೀರಾ’ ಎಂಬ ಇನ್ನೊಂದು ಪ್ರಶ್ನೆ ಸೇರಿಸಿದ್ದರೆ ಅದು ಮೊದಲೇ ತಿಳಿಯುತ್ತಿತ್ತು. ಈಗ ಆರು ತಿಂಗಳಿಗೊಮ್ಮೆ ಆ ಪಟ್ಟಿ ಹಿಡಿದು ಮತ್ತೆ ಹೋಗುತ್ತೇನೆ, ಆ ಪ್ರಶ್ನೆಯನ್ನೂ ಕೇಳುತ್ತೇನೆ.

ಇದಕ್ಕೂ ಮೊದಲು, ಐದನೆಯ ತಿಂಗಳಲ್ಲಿ, ಊರಿನಲ್ಲಿ ಇನ್ನೊಂದು ಬಣ್ಣದ ಮುದ್ರಣದ ಅಂಗಡಿ ತೆರೆಯಿತು. ನಾನು ನೋಡಿದ್ದ ಅದೇ ಮಾದರಿಯ ಯಂತ್ರ ಅಲ್ಲಿ ಬಂದು ಕುಳಿತಿತ್ತು. ಎರಡು ವಾರದೊಳಗೆ ನಾಲ್ವರೂ ಪುಟದ ದರವನ್ನು 5.5 ಪಾಲಿಗೆ ಇಳಿಸಿದರು. ನನ್ನ ಮುಖಪುಟಗಳ ಖರ್ಚೂ ಅಷ್ಟರಮಟ್ಟಿಗೆ ಇಳಿಯಿತು.