‘ಬಿದ್ದೇನು’ ಎಂಬ ಭಯಕ್ಕೆ ‘ಟು’ ಒಗ್ಗುವುದಿಲ್ಲ

ಚಿತ್ರದುರ್ಗದಲ್ಲಿ ಸಂಜೆ ಹೊತ್ತು ನಾನು ನಡೆಸುವ ಇಂಗ್ಲಿಷ್ ತರಗತಿಗೆ ಬರುವವರಲ್ಲಿ ಹೆಚ್ಚಿನವರು ಪದವಿ ಮುಗಿಸಿ ಬ್ಯಾಂಕ್ ಪರೀಕ್ಷೆಗೋ ಶಿಕ್ಷಕರ ನೇಮಕಾತಿಗೋ ಓದುತ್ತಿರುವವರು. ಕಾಲ, ವಚನಗಳಲ್ಲಿ ಅವರು ಗಟ್ಟಿ. ‘ಅಫ್ರೇಡ್’ ಎಂಬ ಒಂದು ಗುಣವಾಚಕ ಬಂದರೆ ಮಾತ್ರ ಪೆನ್ನು ನಿಲ್ಲುತ್ತದೆ. ಅದರ ಮುಂದೆ ‘ಟು’ ಹಾಕಿ ಕ್ರಿಯಾಪದ ಬರೆಯಬೇಕೋ, ‘ಆಫ್’ ಹಾಕಿ ಕ್ರಿಯಾಪದಕ್ಕೆ ‘ಇಂಗ್’ ಸೇರಿಸಬೇಕೋ? ಗೈಡುಗಳಲ್ಲಿ ಇದಕ್ಕೊಂದು ಪಟ್ಟಿ ಇರುತ್ತದೆ. ಯಾವ ಗುಣವಾಚಕಕ್ಕೆ ಯಾವ ಪ್ರಿಪೊಸಿಷನ್ ಎಂದು ಬಾಯಿಪಾಠ ಮಾಡುವ ಪಟ್ಟಿ. ‘ಅಫ್ರೇಡ್’ ವಿಷಯದಲ್ಲಿ ಆ ಪಟ್ಟಿಯಿಂದ ಏನೂ ಪ್ರಯೋಜನವಿಲ್ಲ, ಏಕೆಂದರೆ ಅದಕ್ಕೆ ಎರಡೂ ಸಲ್ಲುತ್ತವೆ. ಬದಲಾಗುವುದು ಅರ್ಥ.

ಗೊಂದಲದ ಮೂಲ ಇಂಗ್ಲಿಷಿನಲ್ಲಿ ಇಲ್ಲ, ನಮ್ಮ ‘ಕ್ಕೆ’ ಪ್ರತ್ಯಯದಲ್ಲಿದೆ. ‘ಹೋಗುವುದಕ್ಕೆ ಹೆದರಿಕೆ’ ಎನ್ನುತ್ತೇವೆ, ‘ಬೀಳುವುದಕ್ಕೆ ಹೆದರಿಕೆ’ ಎಂದರೂ ಯಾರೂ ಆಕ್ಷೇಪಿಸುವುದಿಲ್ಲ. ‘ಕ್ಕೆ’ ಎಂದರೆ ‘ಟು’ ಎಂದು ಐದನೆಯ ತರಗತಿಯಲ್ಲೇ ತಲೆಗೆ ಹೊಕ್ಕಿರುತ್ತದೆ. ಹಾಗಾಗಿ ಎರಡೂ ವಾಕ್ಯಗಳು ಇಂಗ್ಲಿಷಿಗೆ ‘ಅಫ್ರೇಡ್ ಟು ಗೋ’, ‘ಅಫ್ರೇಡ್ ಟು ಫಾಲ್’ ಎಂದೇ ಹೋಗುತ್ತವೆ. ಮೊದಲನೆಯದು ಸರಿ. ಎರಡನೆಯದರಲ್ಲಿ ವ್ಯಾಕರಣ ಮುರಿಯುವುದಿಲ್ಲ, ಅರ್ಥ ಮಾತ್ರ ವಿಚಿತ್ರವಾಗುತ್ತದೆ: ‘ಬೀಳಬೇಕೆಂದುಕೊಂಡಿದ್ದೆ, ಆದರೆ ಧೈರ್ಯ ಬರಲಿಲ್ಲ’ ಎಂಬಂತೆ.

ನಾನು ಇದನ್ನು ಬಿಡಿಸಲು ಹಿಡಿದ ದಾರಿಯೂ ಕನ್ನಡದ್ದೇ. ಪ್ರೌಢಶಾಲೆಯ ಕನ್ನಡ ವ್ಯಾಕರಣದಲ್ಲಿ ಸಂಭಾವನಾರ್ಥಕ ರೂಪ ಎಂದು ಕಲಿತಿರುತ್ತೇವೆ: ಬಿದ್ದೇನು, ಮರೆತೇನು, ಒಡೆದೀತು, ಹೊರಟೀತು. ಆಗಲೂಬಹುದು, ಆಗದೆಯೂ ಇರಬಹುದು ಎಂಬ ಸಂಗತಿಗೆ ಇದು ಬಳಕೆಯಾಗುತ್ತದೆ. ಭಯಕ್ಕೂ ಈ ರೂಪಕ್ಕೂ ಹಳೆಯ ನಂಟು. ‘ಎಲ್ಲಿ ಬಿದ್ದೇನೋ ಎಂದು ಹೆದರಿಕೆ’ ಎಂದು ಯಾವ ಅಜ್ಜಿಯಾದರೂ ಹೇಳುತ್ತಾರೆ. ನಮ್ಮ ಕೈಯಲ್ಲಿಲ್ಲದೆ, ನಮಗೆ ಬೇಡದೆ ಆಗಿಬಿಡಬಹುದಾದ ಸಂಗತಿಯ ಭಯ ಇದು. ಇಂಗ್ಲಿಷಿನಲ್ಲಿ ಈ ಭಯಕ್ಕೆ ‘ಆಫ್’ ಮತ್ತು ‘ಇಂಗ್’ ಬೇಕು: ‘ಅಫ್ರೇಡ್ ಆಫ್ ಫಾಲಿಂಗ್’.

ಇನ್ನೊಂದು ಭಯದಲ್ಲಿ ಕೆಲಸ ನಮ್ಮ ಕೈಯಲ್ಲೇ ಇರುತ್ತದೆ. ಮಾಡಬಹುದು, ಬಿಡಬಹುದು, ಮುಂದೇನಾಗುತ್ತದೋ ಎಂದು ಹಿಂಜರಿಯುತ್ತೇವೆ. ಅಲ್ಲಿ ‘ಟು’. ಇದನ್ನು ಗುರುತಿಸಲು ‘ಹೆದರಿಕೆ’ ಎಂಬುದನ್ನು ತೆಗೆದು ‘ಧೈರ್ಯ ಸಾಲಲಿಲ್ಲ’ ಎಂದು ಹಾಕಿ ನೋಡಲು ಹೇಳುತ್ತೇನೆ. ‘ಹತ್ತಲು ಧೈರ್ಯ ಸಾಲಲಿಲ್ಲ’ ಸರಿಯಾಗಿ ಕೂರುತ್ತದೆ. ‘ಜಾರಲು ಧೈರ್ಯ ಸಾಲಲಿಲ್ಲ’ ಎಂದೊಡನೆ ತರಗತಿ ನಗುತ್ತದೆ. ನಗು ಬಂದ ಕಡೆ ‘ಟು’ ಬರೆಯಬೇಡಿ ಎಂದರೆ ಸಾಕು, ಮತ್ತೆ ವಿವರಿಸುವ ಅಗತ್ಯ ಬೀಳುವುದಿಲ್ಲ.

ಹಿರಿಯೂರು ಕಡೆಯ ವಿದ್ಯಾರ್ಥಿನಿಯೊಬ್ಬಳು ಮಳೆಯಲ್ಲಿ ಕೋಟೆ ನೋಡಿದ ಬಗ್ಗೆ ಒಂದು ಪ್ಯಾರಾ ಬರೆದು ತಂದಿದ್ದಳು. ಅದರಲ್ಲಿ ಈ ವಿಷಯಕ್ಕೆ ಬೇಕಾದದ್ದೆಲ್ಲ ಇತ್ತು. ಮೊದಲ ವಾಕ್ಯ: ‘ಐ ವಾಸ್ ಅಫ್ರೇಡ್ ಟು ಸ್ಲಿಪ್ ಆನ್ ದ ಸ್ಟೆಪ್ಸ್’. ಒದ್ದೆ ಮೆಟ್ಟಿಲಿನ ಮೇಲೆ ಜಾರುವುದು ಯಾರ ಇಚ್ಛೆಯೂ ಅಲ್ಲ. ‘ಜಾರಿಯೇನು ಎಂದು’ ಎಂದು ಅವಳೇ ಹೇಳಿಕೊಂಡು ‘ಅಫ್ರೇಡ್ ಆಫ್ ಸ್ಲಿಪಿಂಗ್’ ಎಂದು ತಿದ್ದಿದಳು.

ಎರಡನೆಯ ವಾಕ್ಯ ಒನಕೆ ಓಬವ್ವನ ಕಿಂಡಿಯದು. ಕಿಂಡಿ ಎಷ್ಟು ಇಕ್ಕಟ್ಟು ಎಂದು ನೋಡಿದವರಿಗೆ ಗೊತ್ತು. ಒಬ್ಬೊಬ್ಬರಾಗಿ ಮೈ ಮುದುಡಿಕೊಂಡೇ ನುಸುಳಬೇಕು. ಅವಳ ಗೆಳತಿ ಒಳಗೆ ಹೋಗಲಿಲ್ಲವಂತೆ. ಬರೆದದ್ದು: ‘ಶಿ ವಾಸ್ ಅಫ್ರೇಡ್ ಆಫ್ ಗೋ ಇನ್ಸೈಡ್’. ಇಲ್ಲಿ ಎರಡು ಪ್ರಶ್ನೆಗಳಿವೆ. ಒಂದು ರೂಪದ್ದು. ‘ಆಫ್’ ನಂತರ ಬರಿಯ ‘ಗೋ’ ನಿಲ್ಲುವುದಿಲ್ಲ. ಕನ್ನಡದಲ್ಲೂ ‘ಹೋಗು’ ಎಂಬ ಧಾತುವಿಗೆ ನೇರವಾಗಿ ‘ಕ್ಕೆ’ ಹತ್ತುವುದಿಲ್ಲ. ಅದು ಮೊದಲು ‘ಹೋಗುವುದು’ ಎಂಬ ಹೆಸರಾಗಬೇಕು, ಆಮೇಲೆ ‘ಹೋಗುವುದಕ್ಕೆ’. ‘ಇಂಗ್’ ಮಾಡುವುದು ಈ ‘ಉವುದು’ ಮಾಡುವ ಕೆಲಸವನ್ನೇ. ಪ್ರಿಪೊಸಿಷನ್ ಬಂದರೆ ಹಿಂದೆಯೇ ‘ಇಂಗ್’ ಬರುವುದು ಇದಕ್ಕೇ.

ಇನ್ನೊಂದು ಪ್ರಶ್ನೆ ಅರ್ಥದ್ದು. ಕಿಂಡಿಯೊಳಗೆ ಹೋಗುವುದು ಗೆಳತಿಯ ಕೈಯಲ್ಲಿತ್ತು, ಅವಳು ಹಿಂಜರಿದು ಹೊರಗೇ ಉಳಿದಳು. ಹಾಗಾಗಿ ‘ಅಫ್ರೇಡ್ ಟು ಗೋ ಇನ್ಸೈಡ್’ ಎಂಬುದೇ ಹೆಚ್ಚು ಒಪ್ಪುತ್ತದೆ. ಏಕೆ ಹಿಂಜರಿದಳು ಎಂದು ಕೇಳಿದೆ. “ಮಧ್ಯದಲ್ಲಿ ಸಿಕ್ಕಿಹಾಕಿಕೊಂಡೇನು ಎಂದು, ಮೇಡಂ.” ಆ ಉತ್ತರವನ್ನೂ ಸೇರಿಸಿದಾಗ ಹಲಗೆಯ ಮೇಲೆ ಎರಡೂ ರೂಪ ಒಂದೇ ವಾಕ್ಯದಲ್ಲಿ ಬಂದವು: ‘ಶಿ ವಾಸ್ ಅಫ್ರೇಡ್ ಟು ಗೋ ಇನ್ಸೈಡ್, ಬಿಕಾಸ್ ಶಿ ವಾಸ್ ಅಫ್ರೇಡ್ ಆಫ್ ಗೆಟಿಂಗ್ ಸ್ಟಕ್’. ಮಾಡದೆ ಬಿಟ್ಟ ಕೆಲಸಕ್ಕೆ ‘ಟು’; ಅದನ್ನು ಬಿಡಲು ಕಾರಣವಾದ ಅನಾಹುತಕ್ಕೆ ‘ಆಫ್’. ಈಗಲೂ ನಾನು ಹೊಸ ತಂಡಕ್ಕೆ ಮೊದಲು ಬರೆಯಿಸುವುದು ಈ ವಾಕ್ಯವನ್ನೇ.

ಮೂರನೆಯದು ಬಸ್ಸಿನ ವಿಷಯ: ‘ವಿ ವರ್ ಅಫ್ರೇಡ್ ದ ಬಸ್ ಟು ಗೋ’. ಬಸ್ ಹೊರಟೀತು ಎಂದು ಅವರಿಗೆ ಆತಂಕ. ಹೆದರಿದವರು ಇವರು, ಹೊರಡುವುದು ಬಸ್. ಇಬ್ಬರು ಕರ್ತೃಗಳಾದಾಗ ‘ಅಫ್ರೇಡ್’ ಮುಂದೆ ‘ಟು’ ಆಗುವುದೇ ಇಲ್ಲ. ಹೆದರಿದವರೇ ಮಾಡುವ ಕೆಲಸಕ್ಕೆ ಮಾತ್ರ ಅದು. ಇಂಥಲ್ಲಿ ‘ಅಫ್ರೇಡ್ ದ್ಯಾಟ್ ದ ಬಸ್ ವುಡ್ ಲೀವ್’ ಎಂದು ಬರೆಯುವುದು ಸುಲಭ. ಕರ್ತೃ ಒಂದೇ ಆಗಬೇಕೆಂದರೆ ‘ಬಸ್ ತಪ್ಪಿಸಿಕೊಂಡೇವು’ ಎಂದು ತಿರುಗಿಸಿ ‘ಅಫ್ರೇಡ್ ಆಫ್ ಮಿಸ್ಸಿಂಗ್ ದ ಬಸ್’ ಎನ್ನಬಹುದು.

ಒಂದೇ ಕ್ರಿಯಾಪದ ಎರಡೂ ಕಡೆ ಬಂದಾಗ ವ್ಯತ್ಯಾಸ ಇನ್ನೂ ನಿಚ್ಚಳವಾಗುತ್ತದೆ. ಮಧ್ಯಾಹ್ನ ಅಜ್ಜಿ ಮಲಗಿದ್ದಾರೆ. ಬಾಗಿಲ ಕೀಲಿ ಅವರ ಬಳಿ ಇದೆ, ಎಬ್ಬಿಸಿದರೆ ಬೈಯುತ್ತಾರೆ. ಆಗ ‘ಐ ವಾಸ್ ಅಫ್ರೇಡ್ ಟು ವೇಕ್ ಹರ್’, ಎಬ್ಬಿಸಲು ಧೈರ್ಯವಿಲ್ಲ. ಅದೇ ಅಜ್ಜಿ ಮಲಗಿರುವಾಗ ನಾನು ಅಡುಗೆಮನೆಯಲ್ಲಿ ಪಾತ್ರೆ ಸದ್ದಾಗದಂತೆ ಎತ್ತಿಡುತ್ತಿದ್ದೇನೆ, ಎಲ್ಲಿ ಎಚ್ಚರವಾದೀತೋ ಎಂದು. ಆಗ ‘ಅಫ್ರೇಡ್ ಆಫ್ ವೇಕಿಂಗ್ ಹರ್’. ಅಜ್ಜಿ ಅವರೇ, ನಿದ್ದೆ ಅದೇ. ಒಂದು ಕಡೆ ಎಬ್ಬಿಸುವ ಉದ್ದೇಶವಿದೆ, ಇನ್ನೊಂದು ಕಡೆ ಇಲ್ಲ.

ಇಷ್ಟಾದ ಮೇಲೆ ಜಾಣರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: ‘ಅಫ್ರೇಡ್ ಆಫ್ ಗೋಯಿಂಗ್ ಔಟ್ ಅಟ್ ನೈಟ್’ ತಪ್ಪೇ? ತಪ್ಪಲ್ಲ. ಗಡಿ ಒಂದೇ ಕಡೆಯಿಂದ ಮುಚ್ಚಿದೆ. ಕೈಯಲ್ಲಿರುವ ಕೆಲಸಕ್ಕೆ ‘ಟು’ ಕೂಡ ಬರುತ್ತದೆ, ‘ಆಫ್’ ಕೂಡ ಬರುತ್ತದೆ; ಕೈಮೀರಿ ಆಗುವುದಕ್ಕೆ ‘ಆಫ್’ ಮಾತ್ರ. ಆದ್ದರಿಂದ ಸಮಯವಿಲ್ಲದೆ ಬರೆಯುವಾಗ ಅನುಮಾನ ಬಂದರೆ ‘ಆಫ್’ ಮತ್ತು ‘ಇಂಗ್’ ಹಾಕುವುದು ಕ್ಷೇಮ ಎಂದು ಹೇಳಿಕೊಡುತ್ತೇನೆ. ಆದರೆ ಎರಡೂ ಸಲ್ಲುವ ಕಡೆಯಲ್ಲೂ ಛಾಯೆ ಸ್ವಲ್ಪ ಬೇರೆ. ‘ಅಫ್ರೇಡ್ ಟು ಗೋ’ ಎಂದಾಗ ಹೋಗದೆ ಉಳಿದ, ಇಲ್ಲವೇ ಹೊಸ್ತಿಲಲ್ಲಿ ನಿಂತು ಯೋಚಿಸುತ್ತಿರುವ ಮನುಷ್ಯ ಕಾಣುತ್ತಾನೆ. ‘ಅಫ್ರೇಡ್ ಆಫ್ ಗೋಯಿಂಗ್’ ಎನ್ನುವವನಿಗೆ ಆ ಭಯ ಇದೆ, ಅಷ್ಟೇ. ದಿನವೂ ಹೆದರುತ್ತಲೇ ಹೋಗಿಬರುತ್ತಿರಲೂಬಹುದು.

‘ಅಫ್ರೇಡ್ ಟು ಡೈ’, ‘ಅಫ್ರೇಡ್ ಟು ಫೇಲ್’ ಎಂಬುವೂ ಇಂಗ್ಲಿಷಿನಲ್ಲಿ ಕಿವಿಗೆ ಬೀಳುತ್ತವೆ. ಸಾವು, ಸೋಲು ಕೈಯಲ್ಲಿರುವ ಸಂಗತಿಗಳಲ್ಲವಲ್ಲ ಎಂದು ತರಗತಿಯಲ್ಲಿ ಗದ್ದಲವಾಗುತ್ತದೆ. ನಮ್ಮಲ್ಲೂ ‘ಸಾಯಲೂ ಹೆದರುವುದಿಲ್ಲ’ ಎಂಬ ಮಾತಿದೆ. ಅಲ್ಲಿ ಸಾವು ಆಕಸ್ಮಿಕವಾಗಿ ಬಂದೆರಗುವುದಲ್ಲ, ಬಂದರೆ ಬರಲಿ ಎಂದು ತಾನಾಗಿ ಒಪ್ಪಿಕೊಳ್ಳುವಂಥದ್ದು. ಹಾಗೆ ಒಪ್ಪಿಕೊಳ್ಳುವ ಅರ್ಥವಿದ್ದಾಗ ‘ಟು’ ಸಲ್ಲುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿಯ ಆತಂಕಕ್ಕೆ ಮಾತ್ರ ‘ಅಫ್ರೇಡ್ ಆಫ್ ಫೇಲಿಂಗ್’ ಎಂದೇ ಬರೆಯುವುದು.

‘ಶೂರ್’ ಎಂಬ ಗುಣವಾಚಕದ ಹತ್ತಿರ ಈ ಪರೀಕ್ಷೆ ಕೆಲಸ ಮಾಡುವುದಿಲ್ಲ, ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ನಂಬಿಕೆ ಯಾರದು? ಸಂದರ್ಶನಕ್ಕೆ ಹೊರಟಿದ್ದ ಹುಡುಗನೊಬ್ಬ ‘ಐ ಆ್ಯಮ್ ಶೂರ್ ಟು ಗೆಟ್ ದಿಸ್ ಜಾಬ್’ ಎಂದು ಬರೆದಿದ್ದ. ‘ಶೂರ್ ಟು ಗೆಟ್’ ಎಂದರೆ ‘ಸಿಕ್ಕೇ ಸಿಗುತ್ತದೆ’ ಎಂದು ವಾಕ್ಯ ಹೇಳುವವರು ಭವಿಷ್ಯ ನುಡಿದಂತೆ. ಅವನ ಬಗ್ಗೆ ನಾನು ‘ಹಿ ಈಸ್ ಶೂರ್ ಟು ಗೆಟ್ ದ ಜಾಬ್’ ಎನ್ನಬಹುದು. ಅವನಿಗೆ ತನ್ನ ಮೇಲೆ ಚೂರೂ ನಂಬಿಕೆ ಇಲ್ಲದಿದ್ದರೂ ಆ ವಾಕ್ಯ ನಿಲ್ಲುತ್ತದೆ. ‘ಹಿ ಈಸ್ ಶೂರ್ ಆಫ್ ಗೆಟಿಂಗ್ ಇಟ್’ ಎಂದರೆ ವಿಶ್ವಾಸ ಅವನದು, ನನಗೆ ಅನುಮಾನವಿರಬಹುದು. ಕನ್ನಡದಲ್ಲಿ ‘ಗೆದ್ದೇ ಗೆಲ್ಲುತ್ತಾಳೆ’ ಮತ್ತು ‘ಅವಳಿಗೆ ಗೆಲ್ಲುವ ವಿಶ್ವಾಸವಿದೆ’ ಎಂಬೆರಡರ ನಡುವೆ ಇರುವಷ್ಟೇ ಅಂತರ. ಹುಡುಗನ ಅರ್ಜಿಯಲ್ಲಿ ಎರಡೂ ಬೇಡವೆಂದು ಆ ವಾಕ್ಯವನ್ನೇ ತೆಗೆಸಿದೆ, ಅದು ಬೇರೆ ಮಾತು.

‘ಸಾರಿ’ಯಲ್ಲಿ ಭೇದ ಕಾಲದ್ದು. ಕಚೇರಿಯ ಬಾಗಿಲು ತಟ್ಟಿ ಒಳಗೆ ಕಾಲಿಡುತ್ತಾ ‘ಸಾರಿ ಟು ಡಿಸ್ಟರ್ಬ್ ಯು’ ಎನ್ನುತ್ತೇವೆ. ತೊಂದರೆ ಈಗ ಕೊಡುತ್ತಿದ್ದೇವೆ. ನಿನ್ನೆ ಕೊಟ್ಟ ತೊಂದರೆಗೆ ‘ಸಾರಿ ಫಾರ್ ಡಿಸ್ಟರ್ಬಿಂಗ್ ಯು ಯೆಸ್ಟರ್ಡೇ’. ‘ನಿನ್ನೆ’ ಎಂಬುದನ್ನು ಇಟ್ಟುಕೊಂಡು ‘ಟು ಡಿಸ್ಟರ್ಬ್’ ಎಂದು ಬರೆದರೆ ಹೊಂದುವುದಿಲ್ಲ. ‘ಟು’ವನ್ನೇ ಉಳಿಸಿಕೊಳ್ಳಬೇಕೆಂದರೆ ‘ಸಾರಿ ಟು ಹ್ಯಾವ್ ಡಿಸ್ಟರ್ಬ್ಡ್ ಯು’ ಎಂದು ಭೂತಕಾಲಕ್ಕೆ ತಿರುಗಿಸಬೇಕು. ರಜಾ ಅರ್ಜಿ, ಕ್ಷಮೆಯ ಪತ್ರಗಳಲ್ಲಿ ಇದು ಮೇಲಿಂದ ಮೇಲೆ ಬರುವುದರಿಂದ ಮಕ್ಕಳು ಬೇಗ ಹಿಡಿಯುತ್ತಾರೆ. ‘ಅಫ್ರೇಡ್’ ಹಿಡಿಯಲು ಮಾತ್ರ ಕಿಂಡಿಯ ವಾಕ್ಯವನ್ನು ಮತ್ತೆ ಮತ್ತೆ ಬರೆಯಿಸಬೇಕಾಗುತ್ತದೆ.